ಏಕ-ಕ್ಯೂಬಿಟ್ ತಿರುವುಗಳು ಮತ್ತು ಒಂದೇ ಒಂದು CNOT: ಇಷ್ಟರಲ್ಲೇ ಎಲ್ಲ ಯೂನಿಟರಿಗಳೂ ಹೇಗೆ ಸಿಗುತ್ತವೆ?

ಮಾನಸ

ನಾಲ್ಕು ಕ್ಯೂಬಿಟ್‌ಗಳ ಕ್ವಾಂಟಮ್ ಫೂರಿಯರ್ ಪರಿವರ್ತನೆಯ ಸರ್ಕಿಟ್ ಅನ್ನು ಬಿಡಿಸಿ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ಕಡೆ, ಎರಡೂ ಕ್ಯೂಬಿಟ್‌ಗಳು 1 ಆಗಿದ್ದಾಗ ಮಾತ್ರ π/8 ಫೇಸ್ ಸೇರಿಸುವ ಗೇಟ್ ಬರುತ್ತದೆ. ನನ್ನ ಬಳಿ ಇರುವುದು H, T ಮತ್ತು CNOT ಮಾತ್ರ. "ಒಂದು ಕ್ಯೂಬಿಟ್‌ನ ತಿರುವುಗಳು ಮತ್ತು ಒಂದು ಎಂಟ್ಯಾಂಗ್ಲಿಂಗ್ ಗೇಟ್ ಇದ್ದರೆ ಯಾವ ಯೂನಿಟರಿಯನ್ನಾದರೂ ಕಟ್ಟಬಹುದು" ಎಂದು ಎಲ್ಲ ಕಡೆ ಓದುತ್ತೇನೆ, ಆದರೆ ಎರಡು ಸಂಗತಿಗಳು ನನಗೆ ಸ್ಪಷ್ಟವಾಗಿಲ್ಲ. ಎಲ್ಲ ಕೋನಗಳಿಗೂ ಬೇರೆ ಬೇರೆ ನಿಯಂತ್ರಿತ ಗೇಟ್ ಬೇಕಾಗಿರುವಾಗ ಒಂದೇ CNOT ಹೇಗೆ ಸಾಕಾಗುತ್ತದೆ? ಮತ್ತು T ಕೊಡುವ ಫೇಸ್ π/4 ಮಾತ್ರ ಆಗಿರುವಾಗ, ಅದಕ್ಕಿಂತ ಸಣ್ಣ ಕೋನವನ್ನು ಅದರಿಂದಲೇ ತಲುಪುವುದು ಹೇಗೆ?

ಶ್ರೀಧರ

ಮಾನಸ ಅವರೇ, ಮೊದಲನೆಯದಕ್ಕೆ ಉತ್ತರ ಸರಳವಾಗಿದೆ. ಸಮೀಕರಣಗಳನ್ನು ಬಿಡಿಸುವಾಗ ನಾವು ಒಂದೊಂದೇ ಪದವನ್ನು ಸೊನ್ನೆ ಮಾಡುತ್ತಾ ಹೋಗುತ್ತೇವಲ್ಲ, ಯೂನಿಟರಿ ಮ್ಯಾಟ್ರಿಕ್ಸ್‌ಗೂ ಅದನ್ನೇ ಮಾಡಬಹುದು. ಕರ್ಣದ ಕೆಳಗಿನ ಪ್ರತಿ ಪದವನ್ನೂ ಎರಡು ಸಾಲುಗಳ ನಡುವಿನ ಒಂದು ತಿರುವಿನಿಂದ ಅಳಿಸಬಹುದು. 4×4 ಮ್ಯಾಟ್ರಿಕ್ಸ್‌ನಲ್ಲಿ ಅಂಥ ಪದಗಳು ಆರು, ಆದ್ದರಿಂದ ಆರು ತಿರುವುಗಳು ಮತ್ತು ಕೊನೆಯಲ್ಲಿ ಉಳಿಯುವ ಫೇಸ್‌ಗಳು ಸಾಕು. CNOTನಲ್ಲಿ ವಿಶೇಷವೇನೂ ಇಲ್ಲ, ಎರಡು ಕ್ಯೂಬಿಟ್‌ಗಳ ಯಾವ ಗೇಟ್ ಆದರೂ ನಡೆಯುತ್ತದೆ. ಎರಡನೆಯದಕ್ಕೂ ಕಷ್ಟವಿಲ್ಲ: H ಮತ್ತು T ಅನ್ನು ಬೆರೆಸಿ ಮತ್ತೆ ಮತ್ತೆ ಪ್ರಯೋಗಿಸುತ್ತಾ ಹೋದರೆ ಬೇಕಾದ ಕೋನದ ಹತ್ತಿರಕ್ಕೆ ಬಂದೇ ಬರುತ್ತೇವೆ.

ವಾರಿಜಾ

ಶ್ರೀಧರ ಅವರು ಹೇಳಿದ ಅಳಿಸುವ ಕ್ರಮ ಸರಿ, ಆದರೆ ಅದಕ್ಕೂ CNOTಗೂ ನಡುವೆ ಒಂದು ಮೆಟ್ಟಿಲು ತಪ್ಪಿಹೋಗಿದೆ. ಎರಡು ಸಾಲುಗಳ ನಡುವಿನ ತಿರುವು ಎಂದರೆ ಎರಡು ಆಧಾರ ಸ್ಥಿತಿಗಳನ್ನಷ್ಟೇ ಮುಟ್ಟುವ ತಿರುವು. ಆ ಎರಡು ಸ್ಥಿತಿಗಳು 10 ಮತ್ತು 11 ಆಗಿದ್ದರೆ ಅದು ನೇರವಾಗಿ ನಿಯಂತ್ರಿತ ತಿರುವು, ಏಕೆಂದರೆ ಮೊದಲ ಬಿಟ್ ಎರಡರಲ್ಲೂ ಒಂದೇ. ಅವು 01 ಮತ್ತು 10 ಆಗಿದ್ದರೆ ಎರಡೂ ಬಿಟ್‌ಗಳು ಬೇರೆಯಾಗಿರುವುದರಿಂದ ಮೊದಲು ಒಂದು CNOT ಹಾಕಿ 10 ಅನ್ನು 11ಕ್ಕೆ ಒಯ್ಯಬೇಕು. ಆಗ 01 ಮತ್ತು 11 ಉಳಿಯುತ್ತವೆ, ತಿರುವನ್ನು ಮಾಡಿ, ಅದೇ CNOTನಿಂದ ಹಿಂದಿರುಗಬಹುದು. ಹೀಗೆ ಇಡೀ ಪ್ರಶ್ನೆ "ಯಾವುದೇ ಕೋನದ ನಿಯಂತ್ರಿತ ತಿರುವನ್ನು ಒಂದೇ ಬಗೆಯ CNOTನಿಂದ ಪಡೆಯುವುದು ಹೇಗೆ" ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಅದರ ಗುಟ್ಟು ಇಷ್ಟೇ. z ಅಕ್ಷದ ಸುತ್ತಲಿನ ತಿರುವನ್ನು ಎರಡು Xಗಳ ನಡುವೆ ಇಟ್ಟರೆ ಅದರ ದಿಕ್ಕು ತಿರುಗುಮುರುಗಾಗುತ್ತದೆ. ಆದ್ದರಿಂದ ಮೊದಲು ಅರ್ಧ ಕೋನ ಮುಂದಕ್ಕೆ, ಆಮೇಲೆ ಎರಡು CNOTಗಳ ನಡುವೆ ಅರ್ಧ ಕೋನ ಹಿಂದಕ್ಕೆ ತಿರುಗಿಸಿದರೆ, ನಿಯಂತ್ರಕ 0 ಇದ್ದಾಗ ಎರಡೂ ವಜಾ ಆಗುತ್ತವೆ, 1 ಇದ್ದಾಗ ಎರಡೂ ಕೂಡಿ ಪೂರ್ಣ ಕೋನವಾಗುತ್ತದೆ. ಕೋನದ ಹೊಣೆ ಪೂರ್ತಿಯಾಗಿ ಏಕ-ಕ್ಯೂಬಿಟ್ ಗೇಟ್‌ಗಳದ್ದು, CNOTನ ಕೆಲಸ ಆ ಕೋನದ ಚಿಹ್ನೆಯನ್ನು ಇನ್ನೊಂದು ಕ್ಯೂಬಿಟ್‌ನ ಅಧೀನಕ್ಕೆ ಕೊಡುವುದು ಮಾತ್ರ. ಮಾನಸ ಅವರ ಗೇಟ್‌ಗೆ ಇದನ್ನು ಬರೆದರೆ ಹೀಗಾಗುತ್ತದೆ:

```
p(pi/16)  q[0];
p(pi/16)  q[1];
cx q[0], q[1];
p(-pi/16) q[1];
cx q[0], q[1];
```

ಇದನ್ನು ಪರೀಕ್ಷಿಸಲು ಮ್ಯಾಟ್ರಿಕ್ಸ್ ಗುಣಿಸಬೇಕಾಗಿಲ್ಲ. ಬಿಟ್‌ಗಳು a, b ಎಂದಿಟ್ಟುಕೊಂಡರೆ ಒಟ್ಟು ಫೇಸ್ (π/16)(a + b − a⊕b). ಇಬ್ಬರೂ 1 ಆದಾಗ ಆವರಣದೊಳಗಿನ ಬೆಲೆ 2, ಉಳಿದ ಮೂರು ಸಂದರ್ಭಗಳಲ್ಲಿ 0. ಮೊದಲ ಸಾಲನ್ನು ಬಿಟ್ಟುಬಿಡುವವರು ಬಹಳ ಮಂದಿ. ಹಾಗೆ ಬಿಟ್ಟರೆ 10 ಎಂಬ ಸ್ಥಿತಿಗೆ −π/16 ಫೇಸ್ ಬೀಳುತ್ತದೆ, ಸಿಗುವುದು ನಿಯಂತ್ರಿತ Rz, ಬೇಕಾದ ಗೇಟ್ ಅಲ್ಲ. 10 ಅನ್ನು ಪ್ರತ್ಯೇಕವಾಗಿ ನೋಡಿದರೆ ಈ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ.

"ಯಾವ ಗೇಟ್ ಆದರೂ ನಡೆಯುತ್ತದೆ" ಎಂಬ ಮಾತಿಗೆ ಒಂದು ಅಪವಾದ ಸೇರಿಸಬೇಕು. SWAP ಎರಡು ಕ್ಯೂಬಿಟ್‌ಗಳ ಗೇಟ್ ಹೌದು, ಆದರೆ ಅದು ಬಿಡಿ ಬಿಡಿಯಾಗಿದ್ದ ಸ್ಥಿತಿಗಳನ್ನು ಬಿಡಿಯಾಗಿಯೇ ಉಳಿಸಿ ಜಾಗ ಮಾತ್ರ ಬದಲಿಸುತ್ತದೆ, ಆದ್ದರಿಂದ ಎಷ್ಟು ಬಾರಿ ಹಾಕಿದರೂ ಎಂಟ್ಯಾಂಗಲ್‌ಮೆಂಟ್ ಹುಟ್ಟುವುದಿಲ್ಲ. ಏಕ-ಕ್ಯೂಬಿಟ್ ಗೇಟ್‌ಗಳ ಜೋಡಿಯೂ ಅಲ್ಲದ, ಅಂಥ ಜೋಡಿಗೆ SWAP ಸೇರಿಸಿದ್ದೂ ಅಲ್ಲದ ಯಾವುದೇ ಗೇಟ್ ಸಾಕು ಎಂಬುದನ್ನು 2002ರಲ್ಲಿ ಬ್ರಿಲಿನ್‌ಸ್ಕಿ ದಂಪತಿಗಳು ಸಾಧಿಸಿ ತೋರಿಸಿದರು.

ಇಕ್ಬಾಲ್

ನಾನು ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಈ ಚರ್ಚೆ ನನಗೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ನಮ್ಮಲ್ಲಿ z ತಿರುವಿಗೆ ಪಲ್ಸ್ ಕೂಡ ಕಳುಹಿಸುವುದಿಲ್ಲ, ಮುಂದಿನ ಪಲ್ಸ್‌ಗಳ ಫೇಸ್ ಅನ್ನು ಸಾಫ್ಟ್‌ವೇರ್‌ನಲ್ಲಿ ಸರಿಸಿಬಿಡುತ್ತೇವೆ. π/16 ಇರಲಿ, 0.1963 ಇರಲಿ, ಖರ್ಚು ಒಂದೇ. ಸಮಸ್ಯೆ ಇರುವುದು CNOTನಲ್ಲಿ, ಅದರ ದೋಷವೇ ದೊಡ್ಡದು. ನೀವು "ಸಮೀಪಿಸುವುದು" ಎನ್ನುತ್ತಿರುವುದು ಕ್ಯಾಲಿಬ್ರೇಶನ್ ದೋಷವನ್ನು ಕುರಿತೇ? ಹಾಗಿದ್ದರೆ ಅದಕ್ಕೆ T ಎಣಿಸುವುದರಿಂದ ಪ್ರಯೋಜನವಿಲ್ಲ.

ವಾರಿಜಾ

ಇಕ್ಬಾಲ್ ಅವರೇ, ನಿಮ್ಮ ಯಂತ್ರದ ಮಟ್ಟಿಗೆ ನೀವು ಹೇಳಿದ್ದು ಸಂಪೂರ್ಣ ಸರಿ. ಅಲ್ಲಿ ಮಾನಸ ಅವರ ಎರಡನೆಯ ಪ್ರಶ್ನೆಯೇ ಏಳುವುದಿಲ್ಲ, ಮೇಲಿನ ಐದು ಸಾಲುಗಳನ್ನು ಹಾಗೆಯೇ ಓಡಿಸಬಹುದು, ಎಣಿಸಬೇಕಾದದ್ದು ಎರಡು CNOTಗಳನ್ನು. ಇಲ್ಲಿ ಮಾತನಾಡುತ್ತಿರುವುದು ಕ್ಯಾಲಿಬ್ರೇಶನ್ ಬಗ್ಗೆ ಅಲ್ಲ. ಹಲವು ಭೌತಿಕ ಕ್ಯೂಬಿಟ್‌ಗಳನ್ನು ಸೇರಿಸಿ, ದೋಷವನ್ನು ತಿದ್ದಿಕೊಳ್ಳಬಲ್ಲ ಒಂದು ತಾರ್ಕಿಕ ಕ್ಯೂಬಿಟ್ ಕಟ್ಟಿದ ಮೇಲೆ ಬರುವ ನಿರ್ಬಂಧ ಇದು. ದೋಷ ಹರಡದಂತೆ ಪ್ರತಿ ಭೌತಿಕ ಕ್ಯೂಬಿಟ್‌ನ ಮೇಲೂ ಬಿಡಿಯಾಗಿ ಮಾಡಬಹುದಾದ ಗೇಟ್‌ಗಳು ಯಾವ ಕೋಡ್‌ನಲ್ಲೂ ಸಾರ್ವತ್ರಿಕ ಗುಂಪಾಗಲಾರವು ಎಂಬುದು 2009ರ ಈಸ್ಟಿನ್–ನಿಲ್ ಪ್ರಮೇಯ. ಅಲ್ಲಿ ಮನಸ್ಸಿಗೆ ಬಂದ ಕೋನವನ್ನು ಸಂರಕ್ಷಿತವಾಗಿ ತಿರುಗಿಸುವ ದಾರಿ ಇಲ್ಲ. ಸರ್ಫೇಸ್ ಕೋಡ್‌ನಲ್ಲಿ H, S, CNOT ಸಾಧಾರಣ ಖರ್ಚಿನಲ್ಲಿ ಆಗುತ್ತವೆ, T ಮಾತ್ರ ಪ್ರತಿ ಬಾರಿಯೂ ಶುದ್ಧೀಕರಿಸಿದ ಒಂದು ವಿಶೇಷ ಸ್ಥಿತಿಯನ್ನು ತಿಂದುಹಾಕುತ್ತದೆ. ಅದಕ್ಕೇ T ಎಣಿಸುತ್ತೇವೆ.

ಮಾನಸ

ಹೌದು, ನನ್ನದು ದೋಷ ತಿದ್ದುವ ಯಂತ್ರಕ್ಕಾಗಿ ಬರೆಯುತ್ತಿರುವ ಸರ್ಕಿಟ್. ಹಾಗಾದರೆ π/16 ಫೇಸ್ ಅನ್ನು H ಮತ್ತು Tಗಳಿಂದ ಸಮೀಪಿಸಬೇಕು. ಶ್ರೀಧರ ಅವರು ಹೇಳಿದಂತೆ ಪುನರಾವರ್ತಿಸಿದರೆ ನಿಜವಾಗಿಯೂ ತಲುಪುತ್ತೇವೆಯೇ? 45 ಡಿಗ್ರಿಯ ತಿರುವುಗಳನ್ನು ಎಷ್ಟು ಕೂಡಿಸಿದರೂ 45ರ ಗುಣಕಗಳೇ ಅಲ್ಲವೇ ಸಿಗುವುದು?

ಶ್ರೀಧರ

ಒಂದೇ ಅಕ್ಷದ ಸುತ್ತ ಕೂಡಿಸಿದರೆ ನೀವು ಹೇಳಿದಂತೆಯೇ ಆಗುತ್ತದೆ. H ಬಂದು ಅಕ್ಷವನ್ನು ಬದಲಿಸುತ್ತದೆ ಎನ್ನುವುದೇ ಮುಖ್ಯ. T ಎಂದರೆ z ಅಕ್ಷದ ಸುತ್ತ 45 ಡಿಗ್ರಿ, HTH ಎಂದರೆ x ಅಕ್ಷದ ಸುತ್ತ 45 ಡಿಗ್ರಿ. ಎರಡನ್ನೂ ಒಂದರ ಹಿಂದೆ ಒಂದು ಮಾಡಿದರೆ ಯಾವುದೋ ಓರೆ ಅಕ್ಷದ ಸುತ್ತ θ ಎಂಬ ಒಂದು ತಿರುವು ಬರುತ್ತದೆ, ಅದಕ್ಕೆ cos(θ/2) = cos²(π/8). ಲೆಕ್ಕ ಹಾಕಿದರೆ θ ಸುಮಾರು 62.8 ಡಿಗ್ರಿ.

ಈ ಕೋನ 360ರ ಯಾವ ಭಿನ್ನರಾಶಿಯೂ ಅಲ್ಲ. ಭಿನ್ನರಾಶಿಯಾಗಿದ್ದರೆ 2cos(θ/2) ಎಂಬ ಸಂಖ್ಯೆ, ಮೊದಲ ಸಹಗುಣಕ 1 ಆಗಿರುವ ಪೂರ್ಣಾಂಕ ಬಹುಪದಿಯೊಂದರ ಮೂಲವಾಗಿರಬೇಕಿತ್ತು. ಇಲ್ಲಿ ಆ ಸಂಖ್ಯೆ 1 + 1/√2, ಅದರ ಅತಿ ಚಿಕ್ಕ ಸಮೀಕರಣ 2x² − 4x + 1 = 0. ಮೊದಲ ಸಹಗುಣಕ 2 ಆಯಿತು. ಹಾಗಾಗಿ ಈ ತಿರುವನ್ನು ಪುನರಾವರ್ತಿಸುತ್ತಾ ಹೋದರೆ ಅದು ಎಂದೂ ಆರಂಭಕ್ಕೆ ಹಿಂದಿರುಗದೆ ವೃತ್ತವನ್ನು ದಟ್ಟವಾಗಿ ತುಂಬುತ್ತದೆ. ಎರಡೂ ಬದಿಗೆ H ಹಾಕಿದರೆ ಎರಡನೆಯ ಓರೆ ಅಕ್ಷ ಸಿಗುತ್ತದೆ, ಎರಡು ಅಕ್ಷಗಳಿದ್ದರೆ ಎಲ್ಲ ತಿರುವುಗಳೂ ಸಿಕ್ಕಂತೆ. ಇಲ್ಲಿಗೆ ಪ್ರಶ್ನೆ ಮುಗಿಯಿತು ಎಂದು ನನ್ನ ಭಾವನೆ.

ವಾರಿಜಾ

ಅಪರಿಮೇಯತೆಯ ವಾದ ಚೊಕ್ಕವಾಗಿದೆ, ಆದರೆ ಪ್ರಶ್ನೆ ಮುಗಿಯಲಿಲ್ಲ. ಅದು "ತಲುಪಬಹುದು" ಎನ್ನುತ್ತದೆ, "ಎಷ್ಟು ಹೆಜ್ಜೆಗಳಲ್ಲಿ" ಎನ್ನುವುದಿಲ್ಲ. ವೃತ್ತವನ್ನು ε ಅಂತರದಲ್ಲಿ ತುಂಬಲು 1/εಗೆ ಅನುಗುಣವಾದಷ್ಟು ಪುನರಾವರ್ತನೆಗಳು ಬೇಕು. ಮಾನಸ ಅವರಿಗೆ 10⁻⁴ ದೋಷ ಸಾಕಾದರೂ ಒಂದೊಂದು ತಿರುವಿಗೆ ಹತ್ತಾರು ಸಾವಿರ Tಗಳು ಖರ್ಚಾಗುತ್ತವೆ, 10⁻¹⁰ ಬೇಕೆಂದರೆ ಸಾವಿರ ಕೋಟಿಯ ಲೆಕ್ಕ. ಅಂಥ ವಿಧಾನದ ಮೇಲೆ ಯಾವ ಅಲ್ಗಾರಿದಮ್ ಅನ್ನೂ ಕಟ್ಟಲಾಗದು.

ಸೊಲೊವೇ ಮತ್ತು ಕಿತಾಯೆವ್ 1990ರ ದಶಕದಲ್ಲಿ ಸ್ವತಂತ್ರವಾಗಿ ಕಂಡುಕೊಂಡ ಉಪಾಯ ಈ ಖರ್ಚನ್ನು 1/εಯ ಲಾಗರಿದಮ್‌ನ ಒಂದು ಘಾತಕ್ಕೆ ಇಳಿಸಿತು. ಮೊದಲು ಗುರಿ Uಗೆ ಒರಟಾಗಿ ಹತ್ತಿರವಿರುವ ಒಂದು ಸಾಲು U₀ ಹುಡುಕಿ. ಉಳಿದ ವ್ಯತ್ಯಾಸವಾದ U·U₀⁻¹ ಎಂಬುದು, ಅಂದರೆ "ಏನೂ ಮಾಡದ" ಗೇಟ್‌ನಿಂದ ε ದೂರದಲ್ಲಿರುವ ಒಂದು ಸಣ್ಣ ತಿರುವು. ಈ ಸಣ್ಣ ತಿರುವನ್ನು VWV⁻¹W⁻¹ ಎಂದು ಬರೆಯಬಹುದು, ಅಲ್ಲಿ V ಮತ್ತು W ಎರಡೂ √ε ಗಾತ್ರದ ತಿರುವುಗಳು. ಈಗ V ಮತ್ತು Wಗಳನ್ನು ε ದೋಷದೊಂದಿಗೆ ಸಮೀಪಿಸಿ. ಒಂದು ಕಡೆ ಮುಂದಕ್ಕೆ ಹೋದ ದೋಷ ಇನ್ನೊಂದು ಕಡೆ ಹಿಂದಕ್ಕೆ ಬರುವುದರಿಂದ ಬಹುಪಾಲು ವಜಾ ಆಗಿ, ಉಳಿಯುವುದು ε ಅನ್ನು √ε ಇಂದ ಗುಣಿಸಿದಷ್ಟು ಮಾತ್ರ. ಒಂದು ಸುತ್ತಿಗೆ ಸಾಲಿನ ಉದ್ದ ಐದು ಪಟ್ಟಾಗುತ್ತದೆ, ಏಕೆಂದರೆ U₀ ಒಂದು, V ಮತ್ತು Wಗಳ ನಾಲ್ಕು ಪ್ರತಿಗಳು. ದೋಷದ ಘಾತ ಒಂದೂವರೆ ಪಟ್ಟಾಗುತ್ತದೆ. ಡಾಸನ್ ಮತ್ತು ನೀಲ್ಸನ್ ಅವರ 2005ರ ವಿವರಣೆಯಲ್ಲಿ ಬರುವ 3.97 ಎಂಬ ಘಾತ ಇದರಿಂದಲೇ ಹುಟ್ಟಿದ್ದು: ln 5 ಅನ್ನು ln 1.5 ಇಂದ ಭಾಗಿಸಿ ನೋಡಿ.

ಆದರೂ H ಮತ್ತು T ಇರುವಾಗ ಇಂದು ಯಾರೂ ಅದನ್ನು ಬಳಸಬಾರದು ಎಂಬುದು ನನ್ನ ಅಭಿಪ್ರಾಯ. ಸೊಲೊವೇ–ಕಿತಾಯೆವ್ ಯಾವ ಗೇಟ್ ಗುಂಪಿಗೂ ಹೊಂದುತ್ತದೆ, ಆ ಕಾರಣಕ್ಕೇ ಈ ಗುಂಪಿನ ಸ್ವಭಾವವನ್ನು ಅದು ಉಪಯೋಗಿಸಿಕೊಳ್ಳುವುದಿಲ್ಲ. H, T ಮತ್ತು CNOTನಿಂದ ಕಟ್ಟಿದ ಮ್ಯಾಟ್ರಿಕ್ಸ್‌ನಲ್ಲಿ ಪೂರ್ಣಾಂಕಗಳು, i ಮತ್ತು 1/√2 ಇವುಗಳನ್ನು ಕೂಡಿಸಿ ಗುಣಿಸಿ ಬರುವ ಸಂಖ್ಯೆಗಳಷ್ಟೇ ಇರಲು ಸಾಧ್ಯ. ಒಂದು ಕ್ಯೂಬಿಟ್‌ನ ಮಟ್ಟಿಗೆ ಇದರ ವಿಲೋಮವೂ ನಿಜ: ಪದಗಳೆಲ್ಲ ಅಂಥವೇ ಆಗಿದ್ದರೆ ಆ ಗೇಟ್ ಅನ್ನು ತುಸುವೂ ದೋಷವಿಲ್ಲದೆ ಕಟ್ಟಬಹುದು ಎಂದು ಕ್ಲಿಯುಚ್ನಿಕೋವ್, ಮಾಸ್ಲೋವ್ ಮತ್ತು ಮೋಸ್ಕಾ 2012ರಲ್ಲಿ ತೋರಿಸಿದರು. ಆದ್ದರಿಂದ ಗುರಿಯ ಸುತ್ತ ε ಅಗಲದ ಪಟ್ಟಿಯಲ್ಲಿ ಅಂಥ ಸಂಖ್ಯೆಗಳನ್ನು ಹುಡುಕಿದರೆ ಸಾಕು, ಗೇಟ್‌ಗಳ ಸಾಲು ತಾನಾಗಿ ಬರುತ್ತದೆ. z ತಿರುವುಗಳಿಗೆ 2014ರ ರಾಸ್–ಸೆಲಿಂಜರ್ ವಿಧಾನ ಸುಮಾರು 3 log₂(1/ε) Tಗಳಲ್ಲಿ ಮುಗಿಸುತ್ತದೆ. 10⁻¹⁰ ದೋಷಕ್ಕೆ ನೂರರ ಆಸುಪಾಸು.

ಮಾನಸ

ಹಾಗಾದರೆ ನನ್ನ ಲೆಕ್ಕ ಹೀಗಾಯಿತು. ಇಡೀ ಗೇಟ್‌ಗೆ 10⁻⁴ ದೋಷ ಬಿಟ್ಟರೆ, ಮೂರು ತಿರುವುಗಳ ದೋಷಗಳು ಕೂಡಿಕೊಳ್ಳುವುದರಿಂದ ಒಂದೊಂದಕ್ಕೂ ಅದರ ಮೂರನೇ ಒಂದು ಭಾಗ. log₂(30000) ಸುಮಾರು 14.9, ಆದ್ದರಿಂದ ತಿರುವಿಗೆ 45 T, ಒಟ್ಟು 135. ಇನ್ನೊಂದು ಸಂದೇಹ: ಇದೇ ಸರ್ಕಿಟ್‌ನಲ್ಲಿ ಬರುವ ನಿಯಂತ್ರಿತ Sಗೆ π/4ರ ಮೂರು ಫೇಸ್‌ಗಳು ಬೇಕು, ಅವು Tಗಳೇ ಆದ್ದರಿಂದ ಅದು ನಿಖರವಾಗಿ ಬರುತ್ತದೆ. ಆದರೆ ನಿಯಂತ್ರಿತ Tಗೆ π/8 ಬೇಕು. ಅದನ್ನೂ ಸಮೀಪಿಸಲೇಬೇಕೇ?

ಶ್ರೀಧರ

ಬೇಕೇ ಬೇಕು. ಡಿಟರ್ಮಿನೆಂಟ್ ನೋಡಿ: ಎರಡು ಕ್ಯೂಬಿಟ್‌ಗಳ ಮೇಲೆ H, T, CNOTಗಳ ಡಿಟರ್ಮಿನೆಂಟ್‌ಗಳು 1, i, −1 ಆಗಿವೆ. ಎಷ್ಟು ಗುಣಿಸಿದರೂ iನ ಘಾತಗಳೇ ಸಿಗುತ್ತವೆ. ನಿಯಂತ್ರಿತ Tಯ ಡಿಟರ್ಮಿನೆಂಟ್ e^(iπ/4). ಒಟ್ಟಾರೆ ಫೇಸ್ e^(iφ) ಸೇರಿಸಿದರೆ ಡಿಟರ್ಮಿನೆಂಟ್‌ಗೆ e^(4iφ) ಸೇರುತ್ತದೆ, ಆದರೆ ಈ ಗೇಟ್‌ನಲ್ಲಿ 1 ಎಂಬ ಪದ ಇರುವುದರಿಂದ ಆ e^(iφ) ಕೂಡ ವಾರಿಜಾ ಅವರು ಹೇಳಿದ ಸಂಖ್ಯೆಗಳಲ್ಲೇ ಒಂದಾಗಿರಬೇಕು, ಅಂಥ ಫೇಸ್‌ಗಳು π/4ರ ಗುಣಕಗಳು ಮಾತ್ರ, ಅವು ±1 ಅನ್ನಷ್ಟೇ ಕೊಡುತ್ತವೆ. ಆದ್ದರಿಂದ ನಿಖರವಾಗಿ ಅಸಾಧ್ಯ.

ನಂದಿನಿ

ನಾನು ಸರ್ಕಿಟ್ ಕಂಪೈಲರ್ ಬರೆಯುವವಳು, ಇಲ್ಲಿಯವರೆಗೆ ಓದುತ್ತಾ ಕುಳಿತಿದ್ದೆ. ಶ್ರೀಧರ ಅವರ ವಾದ ಎರಡೇ ಕ್ಯೂಬಿಟ್‌ಗಳಿಗೆ ಕಟ್ಟುಬಿದ್ದಾಗ ಮಾತ್ರ ಸರಿ. 0 ಸ್ಥಿತಿಯಲ್ಲಿರುವ ಮೂರನೆಯ ಕ್ಯೂಬಿಟ್ ಒಂದನ್ನು ಎರವಲು ಪಡೆಯಿರಿ. ಟೊಫೋಲಿ ಗೇಟ್‌ನಿಂದ "ಇಬ್ಬರೂ 1" ಎಂಬ ಉತ್ತರವನ್ನು ಅದರ ಮೇಲೆ ಬರೆಯಿರಿ, ಅದರ ಮೇಲೆ ಒಂದು T ಹಾಕಿ, ಮತ್ತೆ ಟೊಫೋಲಿಯಿಂದ ಉತ್ತರವನ್ನು ಅಳಿಸಿ. ನಿಯಂತ್ರಿತ T ನಿಖರವಾಗಿ ಬಂತು. ಟೊಫೋಲಿಗೆ ಏಳು T ಇಟ್ಟುಕೊಂಡರೆ ಒಟ್ಟು ಹದಿನೈದು. ಪದಗಳು ಆ ಬಗೆಯ ಸಂಖ್ಯೆಗಳೇ ಆಗಿದ್ದರೆ ಒಂದು ಎರವಲು ಕ್ಯೂಬಿಟ್ ಎಂದಿಗೂ ಸಾಕು ಎಂದು ಗೈಲ್ಸ್ ಮತ್ತು ಸೆಲಿಂಜರ್ ಸಾಮಾನ್ಯವಾಗಿಯೇ ತೋರಿಸಿದ್ದಾರೆ.

ಮಾನಸ ಅವರ π/8 ಗೇಟ್‌ಗೆ ಈ ಅದೃಷ್ಟ ಇಲ್ಲ, e^(iπ/8) ಆ ಸಂಖ್ಯೆಗಳ ಗುಂಪಿನಲ್ಲೇ ಇಲ್ಲ, ಎಷ್ಟು ಕ್ಯೂಬಿಟ್ ಎರವಲು ತಂದರೂ ಸಮೀಪಿಸಲೇಬೇಕು. ಆದರೆ ಅದೇ ಉಪಾಯ ಖರ್ಚನ್ನು ಇಳಿಸುತ್ತದೆ. ಟೊಫೋಲಿ, ಎರವಲು ಕ್ಯೂಬಿಟ್‌ನ ಮೇಲೆ π/8ರ ಒಂದೇ ಫೇಸ್, ಮತ್ತೆ ಟೊಫೋಲಿ. ಸಮೀಪಿಸಬೇಕಾದ ತಿರುವು ಮೂರರಿಂದ ಒಂದಕ್ಕೆ ಇಳಿಯಿತು, ದೋಷವನ್ನು ಹಂಚುವ ಅಗತ್ಯವೂ ಹೋಯಿತು. 7 + 40 + 7, ಅಂದರೆ 54ರ ಸುಮಾರು, 135ರ ಬದಲು.

ಇಕ್ಬಾಲ್

ಸಮೀಪಿಸಿದ ತಿರುವು ಪೂರ್ತಿ ಕರ್ಣೀಯವಾಗಿರುವುದಿಲ್ಲವಲ್ಲ? ಹಾಗಾದರೆ ಎರವಲು ಕ್ಯೂಬಿಟ್ ಸರಿಯಾಗಿ 0ಗೆ ಮರಳುತ್ತದೆ ಎಂಬ ಭರವಸೆ ಎಲ್ಲಿದೆ? ಅದು ಅರೆಬರೆ ಎಂಟ್ಯಾಂಗಲ್ ಆಗಿ ಉಳಿದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ.

ನಂದಿನಿ

ಸರಿಯಾದ ಪ್ರಶ್ನೆ. ಕರ್ಣದ ಹೊರಗಿನ ಪದಗಳ ಗಾತ್ರ εಗಿಂತ ಹೆಚ್ಚಿರುವುದಿಲ್ಲ, ಆದ್ದರಿಂದ ಕ್ಯೂಬಿಟ್ 1ರಲ್ಲಿ ಉಳಿಯುವ ಸಂಭವನೀಯತೆ ಹೆಚ್ಚೆಂದರೆ 10⁻⁸. ಆ ದೋಷ ನಾವು ಮೊದಲೇ ಒಪ್ಪಿಕೊಂಡ εಯೊಳಗೇ ಸೇರಿದೆ. ಕೊನೆಯಲ್ಲಿ ಆ ಕ್ಯೂಬಿಟ್ ಅನ್ನು ಅಳೆದು 1 ಬಂದರೆ ಗೇಟ್ ಕೆಟ್ಟಿತೆಂದು ತಿಳಿಯುತ್ತದೆ, ಮೂರು ತಿರುವುಗಳ ದಾರಿಯಲ್ಲಿ ಈ ಸುಳಿವು ಸಿಗುವುದಿಲ್ಲ.

ಪರೀಕ್ಷಿಸುವವರಿಗೆ ಒಂದು ಎಚ್ಚರಿಕೆ. ಒಟ್ಟಾರೆ ಫೇಸ್ ಅನ್ನು ಬಿಟ್ಟು ಎರಡು 2×2 ಯೂನಿಟರಿಗಳ ದೂರವನ್ನು sqrt(2 − |tr(U†V)|) ಎಂದು ಲೆಕ್ಕ ಹಾಕುವುದು ರೂಢಿ. ದೋಷ 10⁻¹⁰ ಇದ್ದರೆ ಮೂಲದೊಳಗಿನ ಬೆಲೆ 10⁻²⁰, ಸಾಮಾನ್ಯ ಡಬಲ್ ಸಂಖ್ಯೆಗಳಿಗೆ 2ರ ಪಕ್ಕದಲ್ಲಿ ಅಷ್ಟು ಸಣ್ಣದು ಕಾಣುವುದೇ ಇಲ್ಲ. ಸೊನ್ನೆ ದೋಷ ಬಂತೆಂದು ಹಿಗ್ಗಬೇಡಿ, 10⁻⁸ಕ್ಕಿಂತ ಕೆಳಗೆ ಹೆಚ್ಚಿನ ನಿಖರತೆಯ ಅಂಕಗಣಿತವೇ ಬೇಕು.

ವಾರಿಜಾ

ನಂದಿನಿ ಅವರ ದಾರಿಯೇ ಯಾವಾಗಲೂ ಮೇಲು ಎಂದು ನಾನು ಒಪ್ಪಲಾರೆ. ಮೂರು ತಿರುವುಗಳಲ್ಲಿ ನಿಯಂತ್ರಕದ ಮೇಲಿನದು ಉಳಿದವುಗಳ ಜೊತೆಜೊತೆಗೇ ನಡೆಯಬಲ್ಲದು. ಫೂರಿಯರ್ ಪರಿವರ್ತನೆಯಲ್ಲಂತೂ ಒಂದೇ ಕ್ಯೂಬಿಟ್‌ನ ಮೇಲೆ ಬೀಳುವ ಹಲವು ಫೇಸ್‌ಗಳನ್ನು ಕೂಡಿಸಿ ಒಂದೇ ತಿರುವಾಗಿ ಮಾಡಬಹುದು, ಆಗ 135 ಎಂಬ ಲೆಕ್ಕ ಕುಗ್ಗುತ್ತದೆ. ಎರವಲು ಕ್ಯೂಬಿಟ್‌ನ ಬೆಲೆಯನ್ನೂ ಎಣಿಸಬೇಕು.

ನಂದಿನಿ

ಫೇಸ್ ಕೂಡಿಸುವ ಮಾತು ನಿಜ, ಆದರೆ ಪ್ರತಿ ಜೋಡಿಗೂ a⊕bಯ ಮೇಲಿನ ತಿರುವು ಉಳಿದೇ ಉಳಿಯುತ್ತದೆ. ನಾಲ್ಕು ಕ್ಯೂಬಿಟ್‌ಗಳಲ್ಲಿ π/8 ಗೇಟ್ ಬರುವುದು ಒಂದೇ ಬಾರಿ, ಅಲ್ಲಿ ನನ್ನ ಲೆಕ್ಕವೇ ಗೆಲ್ಲುತ್ತದೆ ಎಂದುಕೊಂಡಿದ್ದೇನೆ. ದೊಡ್ಡ ಗಾತ್ರದಲ್ಲಿ ಉತ್ತರ ಯಂತ್ರದ ಮೇಲೆ ನಿಂತಿದೆ.

ಮಾನಸ

ಸದ್ಯಕ್ಕೆ ಎರವಲು ಕ್ಯೂಬಿಟ್‌ನ ದಾರಿಯಲ್ಲಿ ಬರೆಯುತ್ತೇನೆ. ಕ್ಯೂಬಿಟ್‌ಗಳ ಸಂಖ್ಯೆ ಹೆಚ್ಚಿದಾಗ ಕೋನಗಳು ಇನ್ನೂ ಅರ್ಧ ಅರ್ಧವಾಗುತ್ತಾ ಹೋಗುತ್ತವೆ. ಆಗ ಪ್ರತಿಯೊಂದಕ್ಕೂ ಹೀಗೆಯೇ ಮಾಡಬೇಕೇ?

ವಾರಿಜಾ

ಬೇಡ, ಬಹಳ ಸಣ್ಣ ಕೋನಗಳನ್ನು ಬಿಟ್ಟೇಬಿಡಿ. θ ಫೇಸ್ ಅನ್ನು ಬಿಟ್ಟರೆ ಆಗುವ ದೋಷ 2 sin(θ/2). π/8ಕ್ಕೆ ಅದು 0.39, ಬಿಡುವಂತಿಲ್ಲ. ಆದರೆ 2π/2¹⁶ ಬರುವ ಹೊತ್ತಿಗೆ ಅದು 10⁻⁴ಕ್ಕಿಂತ ಕೆಳಗೆ ಇಳಿದಿರುತ್ತದೆ, ಅಲ್ಲಿಂದಾಚೆಗೆ ಏನೂ ಮಾಡದಿರುವುದೇ ಅತಿ ಅಗ್ಗದ ಸಮೀಪೀಕರಣ. ಬಿಟ್ಟ ಗೇಟ್‌ಗಳ ದೋಷಗಳನ್ನು ಕೂಡಿಸಿ, ಒಟ್ಟು ಮಿತಿಯೊಳಗಿದೆಯೇ ಎಂದು ಮಾತ್ರ ನೋಡಿಕೊಳ್ಳಿ.